ನಾನಲ್ಲದ ಶ್ರೀನಿವಾಸರು

ತಿರುಪತಿಯ ಶ್ರೀನಿವಾಸ ತನ್ನ ಮದುವೆಯ ಖರ್ಚಿಗೆ ಕುಬೇರನ ಹತ್ತಿರ ಸಾಲ ಮಾಡಿದ, ಅದರ ಬಡ್ಡಿಯನ್ನು ಈಗಲೂ ಕಟ್ಟುತ್ತಿದ್ದಾನೆ ಎಂದು ನಮ್ಮ ಕಡೆ ನಂಬಿಕೆ. ಆ ಸಾಲದ ಕಂತಿನ ನೆನಪೋಲೆಯೊಂದು ಮಾತ್ರ ನನ್ನ ಇಮೇಲಿಗೆ ಇನ್ನೂ ಬಂದಿಲ್ಲ. ಉಳಿದ ಶ್ರೀನಿವಾಸರದ್ದೆಲ್ಲ ಬಂದಿದೆ. ಹೊಸಪೇಟೆಯ ಶ್ರೀನಿವಾಸರ ಟ್ರ್ಯಾಕ್ಟರ್ ಸಾಲದ ಕಂತು ಇದೇ ಹತ್ತನೇ ತಾರೀಖಿಗೆ ಬಾಕಿ. ನೆಲಮಂಗಲದ ಶ್ರೀನಿವಾಸರು ಫ್ಲ್ಯಾಟಿನ ನಿರ್ವಹಣಾ ಶುಲ್ಕ ಕಟ್ಟಿದ್ದಾರೆ, ರಸೀದಿ ನನ್ನಲ್ಲಿದೆ. ನ್ಯೂಜೆರ್ಸಿಯ ಶ್ರೀನಿವಾಸರು ಗುರುವಾರ ಹಲ್ಲಿನ ಡಾಕ್ಟರನ್ನು ಕಾಣಬೇಕು, ಹಿಂದಿನ ಸಲದಂತೆ ತಪ್ಪಿಸಿಕೊಳ್ಳಬಾರದು. ನನ್ನ ಹೆಸರೂ ಶ್ರೀನಿವಾಸ. ಇವರಲ್ಲಿ ಯಾರನ್ನೂ ನಾನು ಕಂಡಿಲ್ಲ. ಆದರೆ ಇವರ ಮನೆಗೆ ಯಾವ ತಿಂಗಳು ಎಷ್ಟು ಕಿಲೋ ತೊಗರಿಬೇಳೆ ಹೋಯಿತೆಂದು ಕೇಳಿದರೆ ಹೇಳಬಲ್ಲೆ.

ಈ ಸೌಭಾಗ್ಯಕ್ಕೆ ಮೂಲ ನನ್ನ ಸೋದರಳಿಯ. ಜಿಮೇಲ್ ಶುರುವಾದದ್ದು 2004ರ ಏಪ್ರಿಲ್ ಒಂದರಂದು. ಆ ದಿನದ ಮಹಿಮೆಯಿಂದ ಬಹಳ ಜನ ಅದನ್ನು ತಮಾಷೆಯೆಂದೇ ತಿಳಿದಿದ್ದರು. 2007ರವರೆಗೂ ಅಲ್ಲಿ ಖಾತೆ ಬೇಕೆಂದರೆ ಒಳಗಿದ್ದವರು ಯಾರಾದರೂ ಆಹ್ವಾನ ಕಳಿಸಬೇಕಿತ್ತು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಸೋದರಳಿಯ ಮದುವೆ ಮನೆಯ ತಾಂಬೂಲ ಕೊಟ್ಟಷ್ಟೇ ಗತ್ತಿನಿಂದ ನನಗೊಂದು ಆಹ್ವಾನ ಕೊಟ್ಟ. ಮೊದಲು ಹೋದವರಿಗೆ ಕಿಟಕಿ ಪಕ್ಕದ ಸೀಟು ಎನ್ನುವ ಹಾಗೆ ನನಗೆ ಬರೀ ಹೆಸರು, ಒಂದು ಇನಿಷಿಯಲ್, ಇಷ್ಟೇ ಇರುವ ಚೊಕ್ಕ ವಿಳಾಸ ಸಿಕ್ಕಿತು. ಆಮೇಲೆ ಬಂದ ಶ್ರೀನಿವಾಸರು ಹುಟ್ಟಿದ ಇಸವಿ, ಸ್ಕೂಟರಿನ ನಂಬರು, ಮಗಳ ಹೆಸರು ಏನಾದರೊಂದನ್ನು ಬಾಲಕ್ಕೆ ಕಟ್ಟಿಕೊಳ್ಳಬೇಕಾಯಿತು. ಬಾಲವನ್ನು ಹೇಳಲು ಮರೆತಾಗಲೆಲ್ಲ ಅವರು ನಾನಾಗುತ್ತಾರೆ.

ಮರೆಯುವುದಕ್ಕೆ ಅವಕಾಶಗಳೂ ಬೇಕಾದಷ್ಟಿವೆ. ನಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲನೆಯ ‘ಶ್ರೀ’ಯೊಂದನ್ನೇ sri, shri, sree, shree ಎಂದು ನಾಲ್ಕು ಬಗೆಯಲ್ಲಿ ಬರೆಯುವವರಿದ್ದಾರೆ. ಮುಂದೆ ‘ವಾ’ಕ್ಕೆ v ಕೆಲವರಿಗೆ, w ಕೆಲವರಿಗೆ. ಕೊನೆಯಲ್ಲಿ a ಹಾಕುವವರು, ಬಿಡುವವರು. ಗುಣಿಸಿದರೆ ಹದಿನಾರು ಬಗೆಯ ಶ್ರೀನಿವಾಸರಾದರು. ಆಧಾರ್‌ನಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು, ಇಮೇಲಿನಲ್ಲಿ ಮತ್ತೊಂದು ಬಗೆ ಇರುವವರೂ ಉಂಟು. ಅಂಥವರು ಅಂಗಡಿಯ ಕೌಂಟರಿನ ಮುಂದೆ ನಿಂತು ತಮ್ಮ ವಿಳಾಸವನ್ನು ಬಾಯಲ್ಲಿ ಹೇಳುತ್ತಾರೆ. ಹಿಂದೆ ಐದು ಜನ ಸಾಲಿನಲ್ಲಿರುತ್ತಾರೆ. ಬಿಲ್ ಮಾಡುವ ಹುಡುಗ ಕಿವಿಗೆ ಬಿದ್ದದ್ದನ್ನು ಒತ್ತುತ್ತಾನೆ. ಬಾಲದ 73 ಅವನಿಗೆ ಕೇಳಿಸುವುದಿಲ್ಲ, ಬಿಲ್ಲು ಕೇಳಿಸಿದಷ್ಟು ವಿಳಾಸಕ್ಕೇ ಹೊರಡುತ್ತದೆ.

ಇನ್ನು ಚುಕ್ಕೆಯ ವಿಷಯ. ನನ್ನ ವಿಳಾಸದಲ್ಲಿ ಹೆಸರಿಗೂ ಇನಿಷಿಯಲ್ಲಿಗೂ ನಡುವೆ ಒಂದು ಚುಕ್ಕೆ ಇದೆ. ಚುಕ್ಕೆ ಇರುವುದು ನನ್ನದು, ಇಲ್ಲದ್ದು ತಮ್ಮದು ಎಂದು ನಂಬಿರುವ ಶ್ರೀನಿವಾಸರು ಹಲವರಿದ್ದಾರೆ. ಆದರೆ ಜಿಮೇಲ್ ಚುಕ್ಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಹಾಕಿ, ನಾಲ್ಕು ಹಾಕಿ, ಹಾಕದೇ ಇರಿ, ಎಲ್ಲವೂ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತವೆ. ಹಾಗಾಗಿ ಚುಕ್ಕೆಯಷ್ಟೇ ವ್ಯತ್ಯಾಸವಿರುವ ಇಬ್ಬರು ಜಿಮೇಲಿನಲ್ಲಿ ಇರಲು ಸಾಧ್ಯವೇ ಇಲ್ಲ. ಚುಕ್ಕೆ ಬಿಟ್ಟರೆ ತನ್ನದು ಎಂದು ನಂಬಿದವರ ನಿಜವಾದ ವಿಳಾಸದಲ್ಲಿ ಬೇರೇನೋ ಇರುತ್ತದೆ, ಅದನ್ನು ಅವರು ಮರೆತಿರುತ್ತಾರೆ. ಬೇರೆ ಕಂಪನಿಗಳ ಮೇಲ್‌ಗಳಲ್ಲಿ ಇದೇ ನಿಯಮ ಇರಬೇಕೆಂದಿಲ್ಲ. @ ಗುರುತಿನ ಎಡಗಡೆಯದನ್ನು ಹೇಗೆ ಓದಿಕೊಳ್ಳಬೇಕು ಎನ್ನುವುದು ಆಯಾ ಮೇಲ್ ನಡೆಸುವವರಿಗೆ ಬಿಟ್ಟದ್ದು.

ಎಡಗಡೆ ಎಂದೆನಲ್ಲ, ಇಡೀ ಸಮಸ್ಯೆ ಇರುವುದು ಅಲ್ಲಿಯೇ. @ ಗುರುತಿನ ಬಲಗಡೆ ತಪ್ಪಿದರೆ ಬಹಳ ಮಟ್ಟಿಗೆ ಗಲಾಟೆಯಾಗುತ್ತದೆ. gmail.com ಎನ್ನುವುದರ ಕೊನೆಯ m ಬದಲು ಪಕ್ಕದ n ಒತ್ತಿ gmail.con ಎಂದು ಬರೆದರೆ, .con ಎನ್ನುವ ಕೊನೆಯೇ ಇಂಟರ್‌ನೆಟ್ಟಿನಲ್ಲಿ ಇಲ್ಲದ್ದರಿಂದ ಪತ್ರ ಹೊರಡುವುದೇ ಇಲ್ಲ. ಎಡಗಡೆ ತಪ್ಪಿದ್ದು, ಆ ಹೆಸರಿನವರು ಯಾರೂ ಇಲ್ಲವಾದರೂ ಚಿಂತೆಯಿಲ್ಲ. ಆ ಕಡೆಯ ಸರ್ವರ್ `550 5.1.1` ಎಂದು ಗದರಿಸಿ, ಇಂಥವರು ಇಲ್ಲಿಲ್ಲ ಎಂದು ಕಳಿಸಿದವರಿಗೆ ವಾಪಸ್ ತಿಳಿಸುತ್ತದೆ. ಎಡಗಡೆ ತಪ್ಪಿ, ಆ ತಪ್ಪಿನ ಹೆಸರಿನಲ್ಲೇ ನನ್ನಂಥವನೊಬ್ಬ ಕೂತಿದ್ದರೆ? ಆಗ ಎಲ್ಲಿಯೂ ಸದ್ದಾಗುವುದಿಲ್ಲ. ಕಳಿಸಿದ ಕಂಪನಿಯ ಲೆಕ್ಕದಲ್ಲಿ ಪತ್ರ ತಲುಪಿದೆ. ಜಿಮೇಲಿನ ಲೆಕ್ಕದಲ್ಲೂ ತಲುಪಿದೆ. ತಲುಪಿಲ್ಲವೆಂದು ಹೇಳಬೇಕಾದವರಿಗೆ ಅಂಥದೊಂದು ಪತ್ರ ಹೊರಟದ್ದೇ ಗೊತ್ತಿಲ್ಲ. ನಮ್ಮೂರಿನ ಅಂಚೆಯಣ್ಣನಾಗಿದ್ದರೆ ಲಕೋಟೆ ತಿರುಗಿಸಿ ನೋಡಿ, “ಇದು ಕೆಳಗಿನ ಕೇರಿ ಸೀನಪ್ಪಂದು, ಬರೆದೋರಿಗೆ ಮನೆ ನಂಬರು ಗೊತ್ತಿಲ್ಲ” ಎಂದು ತಾನೇ ತಿದ್ದಿಕೊಂಡು ಹೋಗುತ್ತಿದ್ದ. ಇಮೇಲಿನ ಯಂತ್ರಕ್ಕೆ ವಿಳಾಸ ಕಾಣುತ್ತದೆ, ಸೀನಪ್ಪ ಕಾಣುವುದಿಲ್ಲ.

ಇದು ನಮ್ಮಂಥ ಸಾಮಾನ್ಯರ ಪಾಡು ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಸೇನೆಯ ಇಮೇಲ್ ವಿಳಾಸಗಳು .mil ಎಂದು ಮುಗಿಯುತ್ತವೆ. ನಡುವಿನ i ಬಿಟ್ಟರೆ .ml ಆಗುತ್ತದೆ, ಅದು ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಗುರುತು. ಆ .ml ಅನ್ನು ಗುತ್ತಿಗೆಗೆ ನೋಡಿಕೊಳ್ಳುತ್ತಿದ್ದ ಡಚ್ ಉದ್ಯಮಿಯೊಬ್ಬರು ಹೀಗೆ ದಾರಿ ತಪ್ಪಿ ಬಂದ ಪತ್ರಗಳನ್ನು 2023ರ ಜನವರಿಯಿಂದ ಕೂಡಿಡತೊಡಗಿದರು. ಜುಲೈ ಹೊತ್ತಿಗೆ ಸುದ್ದಿ ಪತ್ರಿಕೆಗೆ ಬಂದಾಗ ಅವು ಸುಮಾರು 1,17,000 ಆಗಿದ್ದವು. ಅವುಗಳಲ್ಲಿ ವೈದ್ಯಕೀಯ ವಿವರಗಳಿದ್ದವು, ಸೇನಾ ಮುಖ್ಯಸ್ಥರ ಇಂಡೊನೇಷ್ಯಾ ಪ್ರವಾಸದ ಹೋಟೆಲ್ ಕೋಣೆಯ ನಂಬರುಗಳೂ ಇದ್ದವು. ಅಷ್ಟು ದೊಡ್ಡ ಸೇನೆಯೇ ಒಂದು i ಬಿಟ್ಟು ಬರೆಯುತ್ತಿರುವಾಗ, ಬಾಲದ 73 ಬಿಟ್ಟ ದಾವಣಗೆರೆಯ ಶ್ರೀನಿವಾಸರನ್ನು ನಾನು ಯಾವ ಬಾಯಲ್ಲಿ ಆಡಿಕೊಳ್ಳಲಿ?

ದಾವಣಗೆರೆಯವರ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು, ಬರೆಯುವಾಗಲೇ ಇದನ್ನು ಹಿಡಿಯಬಹುದಲ್ಲ ಎಂದು ನೀವು ಕೇಳುತ್ತೀರಿ. ಖಾತೆ ತೆರೆಯುವ ಅರ್ಜಿ ನೋಡುವುದು ಬಹಳ ಕಡಿಮೆ. ನಡುವೆ @ ಇದೆಯೇ, ಎಲ್ಲೂ ಜಾಗ ಬಿಟ್ಟಿಲ್ಲವೇ, ಸರಿ, ಮುಂದೆ ಹೋಗಿ. gmail.con ಸಹ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಕೆಲವು ಜಾಣ ಅರ್ಜಿಗಳು ‘ನೀವು ಹೇಳಿದ್ದು gmail.com ತಾನೇ?’ ಎಂದು ಬಲಗಡೆಯದನ್ನು ವಿಚಾರಿಸುತ್ತವೆ. ಎಡಗಡೆಯದರ ಬಗ್ಗೆ ಯಾವ ಜಾಣನೂ ಏನೂ ಹೇಳಲಾರ, ಹದಿನಾರು ಬಗೆಯೂ ಸರಿಯಾದ ಬಗೆಯೇ. ಕೆಲವರು ವಿಳಾಸವನ್ನು ಎರಡು ಸಲ ಬರೆಯಿರಿ ಎನ್ನುತ್ತಾರೆ. ನಾವು ಮೇಲಿನದನ್ನು ನಕಲು ಮಾಡಿ ಕೆಳಗೆ ಅಂಟಿಸುತ್ತೇವೆ, ಒಂದು ತಪ್ಪು ಎರಡಾಗುತ್ತದೆ. ಉಳಿದಿರುವುದು ಒಂದೇ ಉಪಾಯ. ಆ ವಿಳಾಸಕ್ಕೆ ಒಂದು ಗುಟ್ಟಿನ ಅಂಕಿ ಕಳಿಸಿ, ಅದನ್ನು ಓದಿ ಹೇಳಿದರೆ ಮಾತ್ರ ವಿಳಾಸ ನಿಮ್ಮದು ಎಂದು ಒಪ್ಪುವುದು. ಹೋದದ್ದು ತಿರುಗಿ ಬಂದರೆ ತಾನೇ ದಾರಿ ಸರಿಯೆಂದು ಗೊತ್ತಾಗುವುದು?

ನಮ್ಮ ದೇಶದಲ್ಲಿ ಆ ಗುಟ್ಟಿನ ಅಂಕಿ ಹೆಚ್ಚಾಗಿ ಹೋಗುವುದು ಮೊಬೈಲಿಗೆ. ನಂಬರು ಕೊಟ್ಟೆವು, ಓಟಿಪಿ ಬಂತು, ಒಳಗೆ ಹೋದೆವು. ಇಮೇಲ್ ಎನ್ನುವುದು ಅರ್ಜಿಯ ಕೆಳಗೆ ಎಲ್ಲೋ ಇರುವ ಒಂದು ಖಾನೆ, ತುಂಬದಿದ್ದರೆ ಮುಂದಕ್ಕೆ ಬಿಡುವುದಿಲ್ಲವೆಂದು ತುಂಬುವುದು. ಅಲ್ಲಿ ತಪ್ಪಿದರೂ ಆಪ್ ನಡೆಯುತ್ತದೆ, ಸಾಮಾನು ಮನೆಗೆ ಬರುತ್ತದೆ. ರಸೀದಿ ಬರಲಿಲ್ಲವಲ್ಲ ಎಂದು ಯಾರು ಕೊರಗುತ್ತಾರೆ? ತಪ್ಪು ವರ್ಷಗಟ್ಟಲೆ ಆರಾಮಾಗಿ ಮಲಗಿರುತ್ತದೆ. ಅದು ಏಳುವುದು ಮೊಬೈಲ್ ನಂಬರು ಕೈಬಿಟ್ಟ ದಿನ.

ಅಷ್ಟು ವರ್ಷ ಈ ಕಡೆ ನನ್ನ ಸಂಸಾರದಲ್ಲಿ ಏನೇನಾಯಿತು ನೋಡಿ. ಒಮ್ಮೆ ಯಾವುದೋ ಊರಿನ ಒಡವೆ ಅಂಗಡಿಯಿಂದ ನನ್ನ ಹೆಸರಿಗೆ ಎರಡೆಳೆ ಸರದ ಬಿಲ್ಲು ಬಂತು. ನನ್ನ ಫೋನು ಮನೆಯವಳ ಕೈಯಲ್ಲಿತ್ತು. “ಯಾರಿಗ್ರೀ ಈ ಸರ?” ಎಂದಳು. ಬೇರೆ ಶ್ರೀನಿವಾಸರದು ಎಂದೆ. “ಬೇರೆ ಶ್ರೀನಿವಾಸರು ಹೆಂಡತಿಗೆ ಸರ ಮಾಡಿಸ್ತಾರೆ” ಎಂದಷ್ಟೇ ಹೇಳಿ ಫೋನು ಕೊಟ್ಟಳು. ಆ ವಾಕ್ಯಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಬ್ಯಾಂಕಿನ ಪತ್ರಗಳ ರೀತಿಯೇ ಬೇರೆ. ಖಾತೆಯ ವಿವರಕ್ಕೆ ಬೀಗ ಹಾಕಿ ಕಳಿಸುತ್ತಾರೆ, ಅದು ಒಳ್ಳೆಯದು. ಬೀಗದ ಕೈ ಏನೆಂದು ಅದೇ ಪತ್ರದಲ್ಲಿ ಬರೆದಿರುತ್ತಾರೆ. ಸಾಮಾನ್ಯವಾಗಿ ನಿಮ್ಮ ಹೆಸರಿನ ಮೊದಲ ನಾಲ್ಕು ಅಕ್ಷರ, ಅದರ ಮುಂದೆ ಹುಟ್ಟಿದ ದಿನ ಮತ್ತು ತಿಂಗಳು. ದಾರಿಹೋಕನಿಗೆ ಸಿಕ್ಕಿದರೆ ಇದು ಗಟ್ಟಿ ಬೀಗವೇ. ಆದರೆ ವಿಳಾಸ ತಪ್ಪಿದಾಗ ಪತ್ರ ದಾರಿಹೋಕನಿಗೆ ಹೋಗುವುದಿಲ್ಲ, ಅದೇ ಹೆಸರಿನವನಿಗೆ ಹೋಗುತ್ತದೆ. ಮೊದಲ ನಾಲ್ಕು ಅಕ್ಷರ ನನ್ನ ಅಪ್ಪ ಅಮ್ಮನೇ ನನಗೆ ಕೊಟ್ಟಿದ್ದಾರೆ. ಉಳಿದದ್ದು ಹುಟ್ಟುಹಬ್ಬ. ವರ್ಷದ ಒಂದು ದಿನ ಆ ಶ್ರೀನಿವಾಸರಿಗೆ ಅಂಗಡಿಗಳಿಂದ ಬರುವ ‘ಜನ್ಮದಿನದ ಶುಭಾಶಯ, ಶೇಕಡಾ ಹತ್ತು ರಿಯಾಯಿತಿ’ ಎಂಬ ಪತ್ರಗಳೂ ನನಗೇ ಬರುತ್ತವೆ. ನಾನು ತೆರೆದು ನೋಡಿಲ್ಲ. ಆದರೆ ತೆರೆಯುವವರೊಬ್ಬರ ಕೈಗೆ ಬಿದ್ದಿದ್ದರೆ ಎಂದು ಯೋಚಿಸಿ ಅವರ ಪರವಾಗಿ ನಾನೇ ಬೆವತಿದ್ದೇನೆ.

ಹಾಗಾದರೆ ಅವರಿಗೆ ಹೇಳಿಬಿಡಬಾರದೇ? ಹೇಳುವುದಕ್ಕೆ ದಾರಿಗಳನ್ನು ಹುಡುಕಿದರೆ ಒಂದೊಂದೂ ಗೋಡೆಗೆ ಹೋಗಿ ನಿಲ್ಲುತ್ತದೆ. ಜಾಹೀರಾತಿನ ಪತ್ರವಾದರೆ ಕೆಳಗೆ ‘ಅನ್‌ಸಬ್‌ಸ್ಕ್ರೈಬ್’ ಇರುತ್ತದೆ, ಒತ್ತಿದರೆ ಮುಗಿಯಿತು. ರಸೀದಿಗೆ, ಪಾಸ್‌ವರ್ಡ್ ಬದಲಿಸುವ ಪತ್ರಕ್ಕೆ ಅದು ಇರುವುದಿಲ್ಲ. ಅವು ಗ್ರಾಹಕ ಕೇಳಿ ಪಡೆದ ಪತ್ರಗಳೆಂದು ಲೆಕ್ಕ. ಉತ್ತರ ಬರೆಯೋಣವೆಂದರೆ ಕಳಿಸಿದವರ ಹೆಸರೇ no-reply. ‘ಇದು ನೀವಲ್ಲವೇ?’ ಎನ್ನುವ ಕೊಂಡಿಯನ್ನು ಇಟ್ಟಿರುವ ಪುಣ್ಯಾತ್ಮರು ಕೆಲವರಿದ್ದಾರೆ. ಯಾರಾದರೂ ತಮ್ಮ ಜಿಮೇಲಿಗೆ ರಿಕವರಿ ವಿಳಾಸವೆಂದು ನನ್ನದನ್ನು ಬರೆದರೆ ಗೂಗಲ್ ನನಗೆ ತಿಳಿಸುತ್ತದೆ, ಈ ಖಾತೆ ಗೊತ್ತಿಲ್ಲದಿದ್ದರೆ ಸಂಬಂಧ ಕಡಿದುಕೊಳ್ಳಲು ಕೊಂಡಿಯನ್ನೂ ಕೊಡುತ್ತದೆ. ಉಳಿದ ಕಡೆ ಕಸ್ಟಮರ್ ಕೇರ್‌ಗೆ ಫೋನು ಮಾಡಬೇಕು. ಒಮ್ಮೆ ಮಾಡಿದೆ. ಆ ಕಡೆಯ ಹುಡುಗಿ ಬಹಳ ವಿನಯದಿಂದ, “ಸರ್, ಸುರಕ್ಷತೆಯ ಕಾರಣಕ್ಕೆ ಖಾತೆಯ ವಿಷಯವನ್ನು ಖಾತೆದಾರರ ಜೊತೆ ಮಾತ್ರ ಮಾತಾಡುತ್ತೇವೆ. ತಾವು ಶ್ರೀನಿವಾಸ ಅವರೇ?” ಎಂದಳು. ಹೌದು ಎಂದೆ. “ಹಾಗಾದರೆ ತಮ್ಮ ನೋಂದಾಯಿತ ಮೊಬೈಲ್ ನಂಬರ್ ಹೇಳಿ.” ಆ ಶ್ರೀನಿವಾಸ ನಾನಲ್ಲ ಎಂದೆ. “ಹಾಗಾದರೆ ಖಾತೆದಾರರಿಂದಲೇ ಫೋನ್ ಮಾಡಿಸಿ ಸರ್.” ಖಾತೆದಾರರಿಗೆ ತಿಳಿಸುವುದು ಹೇಗೆ ಎಂದು ಕೇಳಿದೆ. “ಅವರ ನೋಂದಾಯಿತ ಇಮೇಲಿಗೆ ಬರೆಯಿರಿ ಸರ್” ಎಂದಳು. ನಾನು ನನಗೊಂದು ಪತ್ರ ಬರೆದುಕೊಳ್ಳುವುದಷ್ಟೇ ಬಾಕಿ ಉಳಿಯಿತು.

ಇನ್ನೊಂದು ದಾರಿ ಇದೆ, ಅದು ಎಲ್ಲಕ್ಕಿಂತ ಸುಲಭ. ಆ ಅಂಗಡಿಯ ಪುಟಕ್ಕೆ ಹೋಗಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿದರೆ ಹೊಸ ಪಾಸ್‌ವರ್ಡ್ ಇಡುವ ಕೊಂಡಿ ನನಗೇ ಬರುತ್ತದೆ. ಖಾತೆ ನನ್ನದಾಗುತ್ತದೆ. ಒಳಗೆ ಹೋಗಿ ಇಮೇಲ್ ಅಳಿಸಿ ಬರಬಹುದು. ಸೋದರಳಿಯ ಇದನ್ನೇ ಸಲಹೆ ಮಾಡಿದ. ಆದರೆ ಒಳಗೆ ಹೋದವನ ಕಣ್ಣಿಗೆ ಮನೆ ವಿಳಾಸ, ಹಳೆಯ ಖರೀದಿ, ಉಳಿಸಿಟ್ಟ ಕಾರ್ಡಿನ ಕೊನೆಯ ಅಂಕಿಗಳು ಎಲ್ಲವೂ ಬೀಳುತ್ತವೆ. ಇನ್ನೊಬ್ಬರ ಖಾತೆಗೆ ಅನುಮತಿಯಿಲ್ಲದೆ ಹೊಗುವುದನ್ನು 2000ದ ಐಟಿ ಕಾಯ್ದೆ ತಪ್ಪೆನ್ನುತ್ತದೆ, ಒಳ್ಳೆಯ ಉದ್ದೇಶಕ್ಕೆ ಹೋದೆ ಎಂದು ಆಮೇಲೆ ಯಾರ ಮುಂದೆ ರುಜುವಾತು ಮಾಡುವುದು? ಹಾಗಾಗಿ ನಾನು ನೋಡುವುದು ತಾನಾಗಿ ಬಂದ ಪತ್ರವನ್ನಷ್ಟೇ. ಅದರೊಳಗಿನ ಕೊಂಡಿಯನ್ನು ಒತ್ತುವುದಿಲ್ಲ. ಸುಳ್ಳು ಬಿಲ್ಲು ಕಳಿಸಿ, ಗಾಬರಿಯಲ್ಲಿ ಕೊಂಡಿ ಒತ್ತಿಸಿ ಮೋಸ ಮಾಡುವವರೂ ಇದ್ದಾರೆ. ಒತ್ತದಿರುವುದಕ್ಕೆ ಅದೂ ಒಂದು ಕಾರಣ.

ಈಗ ದಾವಣಗೆರೆ. ಒಂದು ರಾತ್ರಿ ಮನೆಬಳಕೆಯ ಯಂತ್ರಗಳನ್ನು ಮಾರುವ ಒಂದು ಕಂಪನಿಯಿಂದ ಪಾಸ್‌ವರ್ಡ್ ಬದಲಿಸುವ ಪತ್ರಗಳು ಒಂದರ ಹಿಂದೊಂದು ಬರತೊಡಗಿದವು. ಯಾರೋ ಬಾಗಿಲು ಬಡಿಯುತ್ತಿದ್ದಾರೆ, ಬೀಗದ ಕೈ ನನ್ನ ಜೇಬಿಗೆ ಬರುತ್ತಿದೆ. ‘ಈ ಕೋರಿಕೆ ನಿಮ್ಮದಲ್ಲದಿದ್ದರೆ ಈ ಪತ್ರವನ್ನು ನಿರ್ಲಕ್ಷಿಸಿ’ ಎಂದು ಪ್ರತಿಯೊಂದರಲ್ಲೂ ಬರೆದಿತ್ತು. ನಿರ್ಲಕ್ಷಿಸಿದೆ. ಆದರೆ ಆ ಕಡೆಯವರ ಪರದೆಯ ಮೇಲೆ ಏನಿರುತ್ತದೆಂದು ನನಗೆ ಗೊತ್ತಿತ್ತು. ‘ನಿಮ್ಮ ಇಮೇಲಿಗೆ ಕಳಿಸಿದ್ದೇವೆ’ ಎಂದಿರುತ್ತದೆ. ಯಾವ ಇಮೇಲಿಗೆ ಎಂದು ತೋರಿಸುವಾಗ ಮೊದಲ ಅಕ್ಷರ, ಕೊನೆಯ ಅಕ್ಷರ ಬಿಟ್ಟು ನಡುವೆ ನಕ್ಷತ್ರ ತುಂಬಿರುತ್ತಾರೆ. ತಪ್ಪು ಇರುವುದು ಹೆಚ್ಚಾಗಿ ಆ ನಕ್ಷತ್ರಗಳ ಅಡಿಯಲ್ಲೇ. ಪಾಪದ ಮನುಷ್ಯ ಸ್ಪ್ಯಾಮ್ ಡಬ್ಬಿ ತಡಕುತ್ತಾನೆ, ಮತ್ತೆ ಒತ್ತುತ್ತಾನೆ, ಕಾಯುತ್ತಾನೆ. ಕೆಲವು ಕಡೆ ಖಾತೆ ಇಲ್ಲದಿದ್ದರೂ ‘ಖಾತೆಯಿದ್ದರೆ ಪತ್ರ ಬರುತ್ತದೆ’ ಎಂದು ಒಂದೇ ಮಾತು ಹೇಳುತ್ತಾರೆ. ಯಾರಿಗೆ ಖಾತೆಯಿದೆ, ಯಾರಿಗಿಲ್ಲ ಎಂದು ಕಳ್ಳರಿಗೆ ತಿಳಿಯದಿರಲೆಂದು ಮಾಡಿದ ಏರ್ಪಾಡು ಅದು. ಕಳ್ಳರಿಗೂ ತಿಳಿಯುವುದಿಲ್ಲ, ಮನೆಯವರಿಗೂ ತಿಳಿಯುವುದಿಲ್ಲ.

ಆ ಕಂಪನಿಯ ಹಳೆಯ ಪತ್ರ ಹುಡುಕಿದೆ. ಒಂದು ವಾಷಿಂಗ್ ಮೆಷೀನಿನ ಬಿಲ್ಲು ಇತ್ತು. ಫೋನ್ ನಂಬರಿಗೆ ಮಾಡಿದರೆ ‘ಚಾಲ್ತಿಯಲ್ಲಿಲ್ಲ’ ಎಂದಿತು. ಉಳಿದದ್ದು ಸಾಮಾನು ತಲುಪಿಸಿದ ಮನೆಯ ವಿಳಾಸ. ಅಂಚೆ ಕಚೇರಿಗೆ ಹೋಗಿ 50 ಪೈಸೆಯ ಕಾರ್ಡು ಕೇಳಿದೆ. ಕೌಂಟರಿನಲ್ಲಿದ್ದಾತ ನನ್ನನ್ನು ಒಮ್ಮೆ ನೋಡಿ ಒಳಗಿನಿಂದ ತಂದುಕೊಟ್ಟ. ಕಾರ್ಡನ್ನು ಕಂಡವರೆಲ್ಲ ಓದಬಹುದು, ಆದ್ದರಿಂದ ಏನು ಬರೆಯಬಾರದು ಎನ್ನುವುದೇ ದೊಡ್ಡ ಯೋಚನೆಯಾಯಿತು. ಕಡೆಗೆ ಹೀಗೆ ಬರೆದೆ: ‘ಮಾನ್ಯರೇ, ನಿಮ್ಮ ಒಂದು ಖರೀದಿಯ ಬಿಲ್ಲು ಹೆಸರಿನ ಸಾಮ್ಯದಿಂದ ನನ್ನ ಇಮೇಲಿಗೆ ಬಂದಿದೆ. ಬಿಲ್ಲಿನ ಕೊನೆಯ ನಾಲ್ಕು ಅಂಕಿ ಕೆಳಗಿದೆ. ನನಗೆ ಹಣ, ಓಟಿಪಿ, ಬೇರೆ ಯಾವ ಮಾಹಿತಿಯೂ ಬೇಡ. ಖಾತೆಯಲ್ಲಿ ಇಮೇಲ್ ಸರಿಯಿದೆಯೇ ನೋಡಿಕೊಳ್ಳಿ.’ ಕೆಳಗೆ ನನ್ನ ಹೆಸರು, ನಂಬರು. ಓದಿ ನೋಡಿದರೆ ಶುದ್ಧ ಮೋಸಗಾರನ ಧಾಟಿಯಲ್ಲೇ ಇತ್ತು. ಹಾಕಿಬಿಟ್ಟೆ.

ಮುಂದಿನ ವಾರ ಫೋನು ಬಂತು. “ನೀವು ಯಾರ್ರೀ? ನನ್ನ ವಾಷಿಂಗ್ ಮೆಷೀನ್ ವಿಷ್ಯ ನಿಮಗೆ ಹೆಂಗ್ ಗೊತ್ತು? 1930ಕ್ಕೆ ಫೋನ್ ಮಾಡ್ತೀನಿ ನೋಡ್ರಿ.” ಸೈಬರ್ ವಂಚನೆಯ ಸಹಾಯವಾಣಿ ಅವರ ನಾಲಗೆಯ ತುದಿಯಲ್ಲಿತ್ತು. ಮಾಡಿ ಎಂದೆ. ಅದೊಂದು ಮಾತಿನಿಂದ ಸ್ವಲ್ಪ ತಣ್ಣಗಾದರು. ನಿಮ್ಮ ಹೆಸರು ಶ್ರೀನಿವಾಸ ತಾನೇ, ನನ್ನದೂ ಅದೇ ಎಂದೆ. “ಅದಕ್ಕೇ ಇನ್ನೂ ಅನುಮಾನ” ಎಂದರು. ಆಮೇಲೆ ಕಾರ್ಡಿನಲ್ಲಿದ್ದ ನಾಲ್ಕು ಅಂಕಿಗಳನ್ನು ತಾವಾಗಿಯೇ ಓದಿ ಹೇಳಿದರು. ನಾನು ಆ ಮನೆಗೆ ಅಂಕಿ ಕಳಿಸಿದ್ದೆ, ಆ ಮನೆಯಿಂದ ಅಂಕಿ ತಿರುಗಿ ಬಂತು. ಕಂಪನಿ ಖಾತೆ ತೆರೆಯುವ ದಿನ ಇಮೇಲಿನಲ್ಲಿ ಮಾಡಬೇಕಿದ್ದ ಕೆಲಸವನ್ನು ಅಂಚೆ ಇಲಾಖೆ 50 ಪೈಸೆಗೆ ಮಾಡಿಕೊಟ್ಟಿತ್ತು.

ವಿಷಯ ಇಷ್ಟು. ಮೆಷೀನಿನ ಡ್ರಮ್ಮು ತಿರುಗುತ್ತಿಲ್ಲ. ವಾರಂಟಿಯಲ್ಲಿ ರಿಪೇರಿಯಾಗಲು ಬಿಲ್ಲು ಬೇಕು. ಬಿಲ್ಲು ಆಪಿನಲ್ಲಿದೆ. ಆಪಿಗೆ ಹೋಗಲು ಓಟಿಪಿ ಹಳೆಯ ನಂಬರಿಗೆ ಹೋಗುತ್ತದೆ, ಆ ಸಿಮ್ಮನ್ನು ಬಿಟ್ಟು ಬಹಳ ದಿನವಾಗಿದೆ. ಪಾಸ್‌ವರ್ಡ್ ಬದಲಿಸೋಣವೆಂದರೆ ಪತ್ರ ಬರುತ್ತಿಲ್ಲ. ಎರಡೂ ಬಾಗಿಲು ಮುಚ್ಚಿವೆ. ಬಿಲ್ಲನ್ನು ವಾಟ್ಸಾಪ್ ಮಾಡಿ ಎಂದರು. ನಾನು ಪ್ರಿಂಟ್ ತೆಗೆದು ಅದೇ ಮನೆ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದೆ. ಫೋನಿನಲ್ಲಿ ಮಾತಾಡಿದವರು ಯಾರೇ ಆಗಿರಲಿ, ಬಿಲ್ಲು ಮೆಷೀನು ಹೋದ ಮನೆಗೇ ಹೋಗುತ್ತದೆ. ಡ್ರಮ್ಮು ತಿರುಗಿತು. ಖಾತೆ ಮಾತ್ರ ಹಾಗೇ ಇತ್ತು.

ಆಗ ಅವರ ಮಗಳ ಟ್ಯಾಬಿನಲ್ಲಿ ಆ ಆಪು ಇನ್ನೂ ತೆರೆದೇ ಇದೆ ಎಂದು ತಿಳಿಯಿತು. ಇದು ದೊಡ್ಡ ಅದೃಷ್ಟ. ಯಾವುದಾದರೂ ಒಂದು ಕಡೆ ಲಾಗಿನ್ ಉಳಿದಿದ್ದರೆ ಅದನ್ನು ಕಣ್ಣಿನಂತೆ ಕಾಯಬೇಕು, ಎಂಥ ಪರಿಸ್ಥಿತಿಯಲ್ಲೂ ಲಾಗೌಟ್ ಒತ್ತಬಾರದು. ಪ್ರೊಫೈಲಿಗೆ ಹೋಗಿ ಇಮೇಲ್ ನೋಡಿದರು. ನಕ್ಷತ್ರವಿಲ್ಲದೆ ಪೂರ್ತಿ ಕಂಡಿತು. “ಸಾರ್, ಇದರಾಗೆ 73 ಇಲ್ಲ!” ಎಂದು ಕೂಗಿದರು. ತಿದ್ದಿ 73 ಸೇರಿಸಿ ಸೇವ್ ಒತ್ತಿದರು. ‘ಬದಲಾವಣೆಯನ್ನು ಖಚಿತಪಡಿಸಲು ಹಳೆಯ ಇಮೇಲಿಗೆ ಕೋಡ್ ಕಳಿಸಿದ್ದೇವೆ’ ಎಂದಿತು. ಕೋಡು ನನಗೆ ಬಂತು. ಖಾತೆ ಕದಿಯುವವರು ಮೊದಲು ಇಮೇಲನ್ನೇ ಬದಲಿಸುತ್ತಾರೆ, ಅದಕ್ಕೆ ಹಳೆಯ ವಿಳಾಸದ ಒಪ್ಪಿಗೆ ಕೇಳುವುದು ನ್ಯಾಯವೇ. ಹಳೆಯ ವಿಳಾಸ ಎಂದೂ ಅವರದ್ದಾಗಿರಲಿಲ್ಲ ಎನ್ನುವುದು ಆ ನ್ಯಾಯಕ್ಕೆ ಹೊಳೆದಿಲ್ಲ, ಅಷ್ಟೇ.

“ಕೋಡ್ ಹೇಳಿ ಸಾರ್” ಎಂದರು. ಯಾರಿಗೂ ಹೇಳಬೇಡಿ ಎಂದು ಕೋಡಿನ ಕೆಳಗೇ ಬರೆದಿತ್ತು. ಹೇಳುವುದಿಲ್ಲ ಎಂದೆ. “ನನ್ನ ಓಟಿಪಿ ನನಗೇ ಕೊಡಲ್ಲ ಅಂತೀರಲ್ಲ ಸ್ವಾಮಿ!” ಅವರಂದದ್ದು ನಿಜವೇ. ಆದರೆ ನಾನು ಹೇಳಿದ್ದರೆ ಕಂಪನಿಯ ಕಡತದಲ್ಲಿ, ಆ ವಿಳಾಸದ ಒಡೆಯರೇ ಒಪ್ಪಿದರು ಎಂದು ದಾಖಲಾಗುತ್ತಿತ್ತು. ನಾಳೆ ಆ ಮನೆಯಲ್ಲೇ ಏನಾದರೂ ತಕರಾರು ಎದ್ದರೆ ಒಪ್ಪಿದವನು ನಾನಾಗುತ್ತಿದ್ದೆ. ಕಸ್ಟಮರ್ ಕೇರ್‌ಗೆ ಬರೆಯಿರಿ ಎಂದೆ. ಬಿಲ್ಲಿನ ನಂಬರು, ಸಾಮಾನು ತಲುಪಿಸಿದ ವಿಳಾಸ, ಹಳೆಯ ಮೊಬೈಲ್ ನಂಬರು, ಹೊಸದು, ಗುರುತಿನ ಚೀಟಿ, ಇವನ್ನು ಸೇರಿಸಿ, ‘ಖಾತೆ ತೆರೆಯುವಾಗ ಇಮೇಲ್ ತಪ್ಪಾಗಿ ನಮೂದಾಗಿದೆ, ಅದು ಬೇರೊಬ್ಬರದು, ತೆಗೆದುಹಾಕಿ’ ಎಂದು ಸ್ಪಷ್ಟವಾಗಿ ಕೇಳಬೇಕು. ‘ಪತ್ರ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಸ್ಪ್ಯಾಮ್ ನೋಡಿ ಎನ್ನುತ್ತಾರೆ. ತಪ್ಪಿರುವ ಸ್ವಂತ ಮಾಹಿತಿಯನ್ನು ತಿದ್ದಿಸಿಕೊಳ್ಳುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ ಎಂದು ಒಂದು ಸಾಲು ಸೇರಿಸಿದರೂ ತಪ್ಪಿಲ್ಲ. ಅವರು ಬರೆದರು. ಕೆಲವು ದಿನದಲ್ಲಿ ಕಂಪನಿಯವರು ತಿದ್ದಿದರು. ‘ನಿಮ್ಮ ಇಮೇಲ್ ಬದಲಾಗಿದೆ, ನೀವು ಮಾಡಿದ್ದಲ್ಲದಿದ್ದರೆ ಇಲ್ಲಿ ಒತ್ತಿ’ ಎಂದು ನನಗೊಂದು ಕೊನೆಯ ಪತ್ರ ಬಂತು. ನಾನು ಮಾಡಿದ್ದಂತೂ ಅಲ್ಲ. ಒತ್ತಿದ್ದರೆ ಮತ್ತೆ ಮೊದಲಿನಿಂದ ಶುರು.

ಅದು ಕೊನೆಯದೆಂದು ನಾನು ತಿಳಿದಿದ್ದೆ. ತಿಂಗಳ ಮೊದಲ ವಾರ ಮೆಷೀನಿನ ವಾರ್ಷಿಕ ನಿರ್ವಹಣೆಯ ರಸೀದಿ ನನಗೇ ಬಂತು. ಇಮೇಲ್ ಒಂದು ಜಾಗದಲ್ಲಿ ಇರುವುದಿಲ್ಲ, ಅದರ ನಕಲುಗಳು ಇರುತ್ತವೆ ಎನ್ನುವುದು ಅಲ್ಲಿ ತಿಳಿಯಿತು. ಒಳಗೆ ಹೋಗಲು ಬಳಸುವ ಇಮೇಲ್ ಒಂದು, ಬಿಲ್ಲು ಕಳಿಸುವ ಇಮೇಲ್ ಬೇರೊಂದು ಖಾನೆಯಲ್ಲಿ, ಹಳೆಯ ಆರ್ಡರುಗಳ ಮೇಲೆ ಅಂದಿನ ವಿಳಾಸವೇ, ಜಾಹೀರಾತಿನ ಪಟ್ಟಿಯಲ್ಲಿ ಮತ್ತೊಂದು. ಮೇಲಿನದನ್ನು ತಿದ್ದಿದರೆ ಕೆಳಗಿನವೆಲ್ಲ ತಾವಾಗಿ ತಿದ್ದಿಕೊಳ್ಳುತ್ತವೆ ಎಂದೇನಿಲ್ಲ. ಒಂದೊಂದನ್ನೂ ಹುಡುಕಿ ಬದಲಿಸಬೇಕಾಯಿತು. ಅದಾದ ಮೇಲೂ ಬೇರೊಂದು ಹೊಸ ಅಂಗಡಿಯಿಂದ ಅವರ ಪತ್ರ ನನಗೆ ಬಂದಾಗ ಮೂಲ ಸಿಕ್ಕಿತು. ಅವರ ಫೋನೇ ತಪ್ಪು ವಿಳಾಸವನ್ನು ನೆನಪಿಟ್ಟುಕೊಂಡು, ಅರ್ಜಿ ಕಂಡಲ್ಲೆಲ್ಲ ತಾನೇ ತುಂಬುತ್ತಿತ್ತು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಆಟೋಫಿಲ್ ಎಂಬಲ್ಲಿ ಉಳಿಸಿಟ್ಟ ವಿಳಾಸಗಳಿರುತ್ತವೆ, ಅಲ್ಲಿ ಹಳೆಯದನ್ನು ಅಳಿಸಿದರು. ಕೀಬೋರ್ಡು ಸೂಚಿಸುತ್ತಿದ್ದ ಪದವನ್ನು ಬೆರಳಿನಿಂದ ಒತ್ತಿ ಹಿಡಿದು ಕಸದ ಬುಟ್ಟಿಗೆ ಎಳೆದುಹಾಕಿದರು. ಆಮೇಲೆ ದಾವಣಗೆರೆಯಿಂದ ಏನೂ ಬಂದಿಲ್ಲ. ಹಬ್ಬಕ್ಕೆ ಮಾತ್ರ ಅವರ ಫೋನು ಬರುತ್ತದೆ. “ಇನ್ನೇನಾದ್ರೂ ಬಂದೈತೇನ್ ಸಾರ್?” ಎಂದೇ ಮಾತು ಶುರು ಮಾಡುತ್ತಾರೆ.

ಹೊಸಪೇಟೆಯವರದು, ನೆಲಮಂಗಲದವರದು, ನ್ಯೂಜೆರ್ಸಿಯ ಹಲ್ಲಿನದು ಇನ್ನೂ ಬರುತ್ತಿವೆ. ಅವರ ಮೊಬೈಲುಗಳು ಚೆನ್ನಾಗಿ ನಡೆಯುತ್ತಿರುವವರೆಗೆ ಅವರಿಗೆ ಇದರ ಸುಳಿವು ಸಿಗುವುದಿಲ್ಲ. ಅವರಿಗೂ ನಿಮಗೂ ನಾನು ಹೇಳುವುದು ಒಂದೇ. ರಸೀದಿಗಳು ಬರುತ್ತಿಲ್ಲವೆನಿಸಿದರೆ, ಪಾಸ್‌ವರ್ಡ್ ಚೆನ್ನಾಗಿ ನೆನಪಿರುವಾಗಲೇ, ಮೊಬೈಲ್ ನಂಬರು ಕೈಯಲ್ಲಿರುವಾಗಲೇ, ಮುಖ್ಯವಾದ ಖಾತೆಗಳಲ್ಲಿ ಒಮ್ಮೆ ‘ಮರೆತಿದ್ದೇನೆ’ ಎಂದು ಸುಳ್ಳೇ ಒತ್ತಿ ನೋಡಿ. ಪತ್ರ ನಿಮಗೆ ಬಂದರೆ ಅದನ್ನು ಅಳಿಸಿ, ನೆಮ್ಮದಿಯಾಗಿರಿ. ನನಗೆ ಬಂದರೆ ಕಾರ್ಡು ಹಾಕುತ್ತೇನೆ. ಮನೆ ವಿಳಾಸವನ್ನಾದರೂ ಪಿನ್‌ಕೋಡ್ ಸಮೇತ ಸರಿಯಾಗಿ ಕೊಟ್ಟಿರಿ.